ಮಂಟಪದ ವೆಬ್‌ಸೈಟ್ ಮತ್ತು ಎರಡನೇ ವರ್ಷದ ಲೆಕ್ಕ

ತಿಪಟೂರಿನ ಕಡೆಯ ಒಂದು ಕಲ್ಯಾಣ ಮಂಟಪದ ಮಾಲೀಕರು ನನ್ನನ್ನು ಕರೆಸಿದ್ದು ಅವರ ವಿಸಿಟಿಂಗ್ ಕಾರ್ಡ್ ತೋರಿಸಲಿಕ್ಕೆ. ಕಾರ್ಡಿನ ಕೆಳಗಡೆ ವೆಬ್‌ಸೈಟಿನ ವಿಳಾಸ ಅಚ್ಚಾಗಿತ್ತು. ಅದನ್ನು ಫೋನಿನಲ್ಲಿ ಒತ್ತಿದರೆ ಮಂಟಪಕ್ಕೆ ಸಂಬಂಧವೇ ಇಲ್ಲದ ಯಾವುದೋ ಜಾಹೀರಾತಿನ ಪುಟ ತೆರೆಯುತ್ತಿತ್ತು. ಎರಡು ವರ್ಷದ ಹಿಂದೆ ಊರಿನ ಒಬ್ಬ ಹುಡುಗ ಸೈಟ್ ಮಾಡಿಕೊಟ್ಟಿದ್ದ. ಡೊಮೇನನ್ನು ತನ್ನ ಹೆಸರಲ್ಲೇ, ತನ್ನ ಇಮೇಲ್ ಕೊಟ್ಟು ಕೊಂಡಿದ್ದ. ಆಮೇಲೆ ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದ. ನವೀಕರಣದ ನೋಟಿಸುಗಳೆಲ್ಲ ಅವನ ಹಳೆಯ ಇಮೇಲಿಗೆ ಹೋದವು, ಯಾರೂ ನೋಡಲಿಲ್ಲ. ಅವಧಿ ಮುಗಿದ ವಿಳಾಸವನ್ನು ಬೇರೆ ಯಾರೋ ಕೊಂಡುಕೊಂಡಿದ್ದರು. ಮಾಲೀಕರ ಹತ್ತಿರ ಇನ್ನೂ ಒಂದು ಸಾವಿರ ಕಾರ್ಡುಗಳಿದ್ದವು.

ಹುಡುಗ ಮೋಸ ಮಾಡಿರಲಿಲ್ಲ. ಸೈಟ್ ಮಾಡಿಕೊಡುವ ಬೆಲೆಯನ್ನು ಇಬ್ಬರೂ ಮಾತಾಡಿಕೊಂಡಿದ್ದರು, ಎರಡನೇ ವರ್ಷದ ಮಾತು ಯಾರ ಬಾಯಲ್ಲೂ ಬಂದಿರಲಿಲ್ಲ, ಅಷ್ಟೆ. ಸಣ್ಣ ಊರುಗಳ ವೆಬ್‌ಸೈಟುಗಳಲ್ಲಿ ನಾನು ಕಂಡ ಸಾವುಗಳೆಲ್ಲ ಹೆಚ್ಚುಕಡಿಮೆ ಹೀಗೇ ಆದವು. ಕೋಡ್ ಬರೆಯದೆ ಸೈಟ್ ಕಟ್ಟುವ ಸಾಧನಗಳು ಈಗ ಬೇಕಾದಷ್ಟಿವೆ, ಕಟ್ಟುವುದು ಕಷ್ಟವಲ್ಲ. ಕಟ್ಟಿದ್ದು ಯಾರ ಕೈಯಲ್ಲಿರಬೇಕು, ವರ್ಷವರ್ಷ ಅದಕ್ಕೆ ಎಷ್ಟು ಖರ್ಚು, ಆ ಖರ್ಚಿಗೆ ಯಾವ ಕೆಲಸ ನಡೆಯಬೇಕು ಎಂಬುದನ್ನು ಮೊದಲ ದಿನವೇ ಬರೆದಿಟ್ಟುಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ. ಈ ಮಂಟಪದ ಕೆಲಸವನ್ನೇ ಮೊದಲಿಂದ ಹೇಳುತ್ತೇನೆ.

ಮಾಲೀಕರಿಗೆ ನಾನು ವಿವರಿಸಿದ್ದು ಅವರದೇ ವ್ಯವಹಾರದ ಮಾತಿನಲ್ಲಿ. ಡೊಮೇನ್ ಎಂದರೆ ನಿವೇಶನ. ಅದರ ಖಾತೆ ನಿಮ್ಮ ಹೆಸರಲ್ಲಿರಬೇಕು, ಕಂದಾಯ ವರ್ಷವರ್ಷ ಕಟ್ಟಬೇಕು. ಬಿಲ್ಡರ್, ಅಂದರೆ ಸೈಟ್ ಕಟ್ಟುವ ಸಾಧನ, ಬಾಡಿಗೆ ಕಟ್ಟಡ. ಬಿಟ್ಟು ಹೋಗುವಾಗ ಗೋಡೆಗಳನ್ನು ಕಿತ್ತುಕೊಂಡು ಹೋಗಲಾಗುವುದಿಲ್ಲ. ವಿಕ್ಸ್‌ನಲ್ಲಿ ಕಟ್ಟಿದ ಸೈಟನ್ನು ಹಾಗೇ ಎತ್ತಿ ಬೇರೆ ಕಡೆ ಇಡಲು ಬರುವುದಿಲ್ಲ, ಬಹುತೇಕ ಬಿಲ್ಡರ್‌ಗಳ ಕಥೆಯೂ ಅದೇ. ಒಳಗಿನ ಪಾತ್ರೆಪಡಗ, ಅಂದರೆ ಫೋಟೋ ಮತ್ತು ಬರಹ, ನಿಮ್ಮವು. ಅವುಗಳ ಪ್ರತಿ ಬೇರೆ ಕಡೆ ಇಟ್ಟುಕೊಂಡಿದ್ದರೆ ಎಂದು ಬೇಕಾದರೂ ಇನ್ನೊಂದು ಕಟ್ಟಡಕ್ಕೆ ಹೋಗಬಹುದು. ನಿವೇಶನ ನಿಮ್ಮದಾದ ಮೇಲೆ ಕಟ್ಟಡ ಬದಲಾದರೂ ಬರುವವರಿಗೆ ವಿಳಾಸ ಬದಲಾಗುವುದಿಲ್ಲ.

ಇದು ಬರೀ ಹೋಲಿಕೆಯಲ್ಲ. ಗೂಗಲ್ ಮ್ಯಾಪಿನಲ್ಲಿ ಅಂಗಡಿ ಸೇರಿಸಿದವರಿಗೆ ಆ ಕಂಪನಿ ಬಹಳ ಕಾಲ ಒಂದು ಪುಟದ ಉಚಿತ ಸೈಟ್ ಕೊಡುತ್ತಿತ್ತು, ಅದರ ವಿಳಾಸ business.site ಎಂದು ಮುಗಿಯುತ್ತಿತ್ತು. 2024ರ ಮಾರ್ಚಿನಲ್ಲಿ ಅವನ್ನೆಲ್ಲ ನಿಲ್ಲಿಸಿದರು. ಆ ವಿಳಾಸ ಒತ್ತಿದವರನ್ನು ಮ್ಯಾಪಿನ ಪುಟಕ್ಕೆ ಕಳಿಸುವ ವ್ಯವಸ್ಥೆಯೂ ಆ ವರ್ಷದ ಜೂನ್ 10ಕ್ಕೆ ಮುಗಿಯಿತು. ಬೋರ್ಡಿನ ಮೇಲೆ, ಬಿಲ್ ಪುಸ್ತಕದ ಮೇಲೆ ಆ ವಿಳಾಸ ಹಾಕಿಸಿದ್ದವರಿಗೆ ಬೇರೆ ದಾರಿ ಇರಲಿಲ್ಲ. ಅದೇ ಉಚಿತ ಸೈಟಿನ ಮುಂದೆ ಸ್ವಂತ ಡೊಮೇನ್ ಇದ್ದವರು ಬೇರೆ ಬಿಲ್ಡರಿಗೆ ಹೋದರು, ವಿಳಾಸ ಉಳಿಯಿತು.

ಈ ಮಂಟಪಕ್ಕೆ ನಾನು ಆರಿಸಿದ್ದೂ ಒಂದು ಉಚಿತ ಸಾಧನವೇ, ಗೂಗಲ್ ಸೈಟ್ಸ್. ಅಂದಚೆಂದಕ್ಕೆ ಅದರಲ್ಲಿ ಅವಕಾಶ ಕಡಿಮೆ. ಹಣ ಪಡೆಯುವ ವ್ಯವಸ್ಥೆ ಇಲ್ಲ. ಸಾಮಾನು ಮಾರುವ ಅಂಗಡಿಗಾಗಲಿ, ಮುಂಗಡ ಪಾವತಿ ಬೇಕಾದ ಹೋಂಸ್ಟೇಗಾಗಲಿ ನಾನು ಅದನ್ನು ಹೇಳುವುದಿಲ್ಲ, ಅಂಥವರು ಹಣ ಕೊಟ್ಟು ವಿಕ್ಸ್ ಅಥವಾ ಜೊಹೊದಂಥ ಬಿಲ್ಡರ್ ಹಿಡಿಯುವುದೇ ಸರಿ. ಆದರೆ ಮಂಟಪ ನೋಡಲು ಬರುವ ಕುಟುಂಬಕ್ಕೆ ಬೇಕಾದದ್ದು ಬೇರೆ. ಮುಂಗಡವನ್ನು ಅವರು ಹೇಗೂ ಹಿರಿಯರನ್ನು ಕರೆದುಕೊಂಡು ಬಂದು, ಮಂಟಪ ಸುತ್ತಿ ನೋಡಿಯೇ ಕೊಡುತ್ತಾರೆ. ಅದಕ್ಕೂ ಮುಂಚೆ ಅವರಿಗೆ ಒಂದೇ ಒಂದು ವಿಷಯ ಗೊತ್ತಾಗಬೇಕು: ನಮ್ಮ ಮುಹೂರ್ತದ ದಿನ ಮಂಟಪ ಖಾಲಿ ಇದೆಯೇ? ಗೂಗಲ್ ಸೈಟ್ಸ್‌ನಲ್ಲಿ ಗೂಗಲ್ ಕ್ಯಾಲೆಂಡರನ್ನು ನೇರವಾಗಿ ಪುಟದೊಳಗೆ ಇಡಬಹುದು. ಮಾಲೀಕರು ತಮ್ಮ ಫೋನಿನಲ್ಲಿ ಬುಕಿಂಗ್ ಬರೆದುಕೊಂಡರೆ ಸೈಟಿನಲ್ಲಿ ಆ ದಿನ ತುಂಬಿದಂತೆ ಕಾಣುತ್ತದೆ. ಆ ಒಂದು ಅನುಕೂಲಕ್ಕಾಗಿ ಉಳಿದ ಕೊರತೆಗಳನ್ನು ನಾನು ಒಪ್ಪಿಕೊಂಡೆ.

ಕಂಪ್ಯೂಟರ್ ಮುಟ್ಟುವ ಮೊದಲು ಮಾಲೀಕರಿಗೊಂದು ಕೆಲಸ ಕೊಟ್ಟೆ. ಒಂದು ವಾರ ಬಂದ ಫೋನ್ ಕರೆಗಳಲ್ಲಿ ಜನ ಏನು ಕೇಳಿದರು ಎಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ ಅಂದೆ. ಅವರು ಶ್ರದ್ಧೆಯಿಂದ ಬರೆದರು. ದಿನಾಂಕ, ಬಾಡಿಗೆ, ಒಂದು ಪಂಕ್ತಿಗೆ ಎಷ್ಟು ಎಲೆ, ರೂಮು ಎಷ್ಟು, ಅಡುಗೆಯವರನ್ನು ನಾವೇ ಕರೆತರಬಹುದೇ, ಪಾತ್ರೆ ಮಂಟಪದ್ದೋ ಹೊರಗಿಂದ ತರಬೇಕೋ, ಜನರೇಟರಿನ ಡೀಸೆಲ್ ಯಾರದು, ಕ್ಲೀನಿಂಗ್ ಚಾರ್ಜ್ ಬೇರೆಯೇ, ಬಸ್ ನಿಲ್ಲಿಸಲು ಜಾಗ ಇದೆಯೇ. ಸೈಟಿನ ಬರಹ ಅಲ್ಲೇ ಸಿದ್ಧವಾಗಿತ್ತು. ‘ನಿಮ್ಮ ಕನಸಿನ ಮದುವೆಗೆ’ ಎಂಬಂಥ ಸಾಲನ್ನು ಯಾರೂ ಫೋನ್ ಮಾಡಿ ಕೇಳಿರಲಿಲ್ಲ, ಹಾಗಾಗಿ ಅದು ಸೈಟಿನಲ್ಲೂ ಬರಲಿಲ್ಲ.

ಬಾಡಿಗೆ ಹಾಕಲು ಮಾತ್ರ ಅವರು ಒಪ್ಪಲಿಲ್ಲ. ಪಕ್ಕದ ಮಂಟಪದವರು ನೋಡಿ ಕಡಿಮೆ ಮಾಡುತ್ತಾರೆ ಎಂಬ ಭಯ. ಪಕ್ಕದವರಿಗೆ ನಿಮ್ಮ ಬಾಡಿಗೆ ಈಗಾಗಲೇ ಗೊತ್ತು, ಗೊತ್ತಿಲ್ಲದಿರುವುದು ಬೆಂಗಳೂರಿನಲ್ಲಿ ಕೂತು ತವರೂರಲ್ಲಿ ಮದುವೆ ಮಾಡಬೇಕೆಂದಿರುವ ಮನೆಯವರಿಗೆ ಮಾತ್ರ ಎಂದೆ. ಕೊನೆಗೆ ಮುಹೂರ್ತದ ದಿನಕ್ಕೆ ಒಂದು ದರ, ನಾಮಕರಣ, ಗೃಹಪ್ರವೇಶದ ಊಟದಂಥ ಬೇರೆ ಕಾರ್ಯಗಳಿಗೆ ಒಂದು ದರ, ಬಾಡಿಗೆಯಲ್ಲಿ ಏನು ಸೇರಿದೆ, ಏನು ಸೇರಿಲ್ಲ ಎಂಬ ಪಟ್ಟಿ, ಜೊತೆಗೆ ‘ಈ ದರ ಇಂಥ ತಿಂಗಳಿಂದ’ ಎಂಬ ಒಂದು ಸಾಲು ಹಾಕಿದೆವು. ಆ ಒಂದು ಸಾಲು ಮುಂದೆ ವಾರ್ಷಿಕ ನಿರ್ವಹಣೆಯ ಮೊದಲ ಕೆಲಸವಾಯಿತು. ದಿನಾಂಕವಿಲ್ಲದ ದರಪಟ್ಟಿ ಹಳೆಯದಾದರೆ ಕೌಂಟರಿನಲ್ಲಿ ಜಗಳಕ್ಕೇ ಕಾರಣವಾಗುತ್ತದೆ.

ಬರಹವನ್ನು ಸೈಟಿಗೆ ಹಾಕುವಾಗ ಕನ್ನಡಕ್ಕೇ ಇರುವ ಒಂದು ತೊಡಕು ಎದುರಾಯಿತು. ಮಂಟಪದ ಕರಪತ್ರದ ಕಡತವನ್ನು ಪ್ರೆಸ್ಸಿನವರು ಕೊಟ್ಟರು. ಅದನ್ನು ಅಂಟಿಸಿದರೆ ‘ಕಲ್ಯಾಣ ಮಂಟಪ’ ಎಂದು ಇರಬೇಕಾದ ಕಡೆ `PÀ¯Áåt ªÀÄAl¥À` ಎಂದು ಬಂತು. ಡಿಟಿಪಿ ಅಂಗಡಿಗಳಲ್ಲಿ ಇಂದಿಗೂ ಹೆಚ್ಚಾಗಿ ನುಡಿಯ ಹಳೆಯ ಫಾಂಟಿನಲ್ಲಿ ಟೈಪ್ ಮಾಡುತ್ತಾರೆ. ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಮಾತ್ರ ಅದು ಕನ್ನಡವಾಗಿ ಕಾಣುತ್ತದೆ. ಸೈಟಿಗೆ ಯೂನಿಕೋಡ್ ಬೇಕು. ನುಡಿಯ ಜೊತೆಗೇ ಬರುವ ಪರಿವರ್ತಕದಲ್ಲಿ ಬದಲಿಸಿಕೊಳ್ಳಬಹುದು, ಆದರೆ ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತುಗಳನ್ನು ಒಂದೊಂದಾಗಿ ಕಣ್ಣಾಡಿಸಲೇಬೇಕು. ಕೆಲವರು ಈ ತಾಪತ್ರಯ ಬೇಡವೆಂದು ಕರಪತ್ರದ ಚಿತ್ರವನ್ನೇ ಸೈಟಿಗೆ ಹಾಕಿಬಿಡುತ್ತಾರೆ. ಚಿತ್ರದಲ್ಲಿರುವ ಅಕ್ಷರ ಫೋನಿನ ಪರದೆಗೆ ತಕ್ಕಂತೆ ಹೊಂದಿಕೊಳ್ಳುವುದಿಲ್ಲ, ಊರಿನ ಹೆಸರು ಹಾಕಿ ಮಂಟಪ ಹುಡುಕುವವರಿಗೆ ಸುಲಭಕ್ಕೆ ಸಿಗುವುದೂ ಇಲ್ಲ. ಟೈಪ್ ಮಾಡಿಸುವುದೇ ಉತ್ತಮ.

ಫೋಟೋಗಳನ್ನು ಅಲಂಕಾರವಾಗಿದ್ದ, ನೆಂಟರು ಇನ್ನೂ ಬಂದಿರದ ಒಂದು ಮಧ್ಯಾಹ್ನ ತೆಗೆದೆ. ಊಟದ ಹಾಲ್, ವಧುವಿನ ಕೋಣೆ, ಅಡುಗೆಮನೆ, ಶೌಚಾಲಯ, ಗೇಟಿನ ಮುಂದಿನ ಜಾಗ. ವೇದಿಕೆಯ ಹೂವಿನ ಅಲಂಕಾರಕ್ಕಿಂತ ಶೌಚಾಲಯದ ಫೋಟೋ ಹೆಚ್ಚು ಕೆಲಸ ಮಾಡುತ್ತದೆ ಎಂದು ಮಾಲೀಕರ ಮನೆಯವರೇ ಹೇಳಿದರು, ನನಗೂ ಅದು ನಿಜವೆನಿಸಿತು. ಫೋನಿನಲ್ಲಿ ತೆಗೆದ ಒಂದೊಂದು ಫೋಟೋ ನಾಲ್ಕೈದು ಎಂಬಿ ಇರುತ್ತದೆ. ಅಗಲವನ್ನು 1600 ಪಿಕ್ಸೆಲ್ಲಿಗೆ ಇಳಿಸಿದರೆ ಮುನ್ನೂರು ಕೆಬಿ ಆಸುಪಾಸಿಗೆ ಬರುತ್ತದೆ, ಹಳ್ಳಿಯ ನೆಟ್‌ವರ್ಕಿನಲ್ಲೂ ತೆರೆದುಕೊಳ್ಳುತ್ತದೆ.

ಇನ್ನು ಖಾತೆಗಳ ವಿಷಯ. ಮಾಲೀಕರ ಹೆಸರಲ್ಲಿ ಮಂಟಪಕ್ಕೇ ಒಂದು ಜಿಮೇಲ್ ತೆರೆದೆವು. ಪಾಸ್‌ವರ್ಡ್ ಮರೆತರೆ ಬೇಕಾಗುವ ಫೋನ್ ನಂಬರ್ ಅವರದು, ಜೊತೆಗೆ ಮಗಳ ಇಮೇಲ್. ಸೈಟನ್ನು ಆ ಖಾತೆಯಲ್ಲೇ ಕಟ್ಟಿ, ನನ್ನನ್ನು ಬರೀ ತಿದ್ದುವವನಾಗಿ ಸೇರಿಸಿಕೊಂಡರು. ನಾಳೆ ನನ್ನ ಕೆಲಸ ಸರಿಬರದಿದ್ದರೆ ನನ್ನ ಹೆಸರು ತೆಗೆದರೆ ಆಯಿತು, ಸೈಟ್ ಅಲ್ಲೇ ಇರುತ್ತದೆ. ಡೊಮೇನ್ ಕೊಂಡಿದ್ದೂ ಅದೇ ಇಮೇಲ್ ಕೊಟ್ಟು, ಹಣ ಕಟ್ಟಿದ್ದು ಮಾಲೀಕರ ಫೋನಿನಿಂದಲೇ. ಕೊಳ್ಳುವಾಗ ಮೊದಲ ವರ್ಷದ ರಿಯಾಯಿತಿ ದರವೇ ಪರದೆಯ ಮೇಲೆ ದೊಡ್ಡದಾಗಿ ಕಾಣುತ್ತದೆ. ನೋಡಬೇಕಾದ್ದು ಅದನ್ನಲ್ಲ, ಅದರ ಕೆಳಗೆ ಸಣ್ಣ ಅಕ್ಷರದಲ್ಲಿರುವ ನವೀಕರಣ ದರವನ್ನು. ನಮಗೆ ಸಿಕ್ಕ `.in` ವಿಳಾಸಕ್ಕೆ ಅದು ಜಿಎಸ್‌ಟಿ ಸೇರಿ 900 ರೂಪಾಯಿ ಹತ್ತಿರ ಇತ್ತು.

ಡೊಮೇನನ್ನು ಸೈಟಿಗೆ ಜೋಡಿಸುವುದು ಇಡೀ ಕೆಲಸದಲ್ಲಿ ಕೋಡಿನಂತೆ ಕಾಣುವ ಏಕೈಕ ಹಂತ. ಡೊಮೇನ್ ಮಾರಿದವರ ಪುಟದಲ್ಲಿ ಡಿಎನ್‌ಎಸ್ ಎಂಬ ಜಾಗಕ್ಕೆ ಹೋಗಿ, ಈ ವಿಳಾಸ ನಮ್ಮದೇ ಎಂದು ಗೂಗಲ್ಲಿಗೆ ತೋರಿಸಲು ಅವರು ಕೊಡುವ ಒಂದು TXT ಸಾಲನ್ನು ಅಂಟಿಸಬೇಕು, ಆಮೇಲೆ ಈ ಸಾಲನ್ನು ಸೇರಿಸಬೇಕು:

```
www    CNAME    ghs.googlehosted.com
```

ಇಲ್ಲಿ ಬಹಳ ಜನ ಎಡವುತ್ತಾರೆ. ಈ ಸಾಲು ಜೋಡಿಸುವುದು `www` ಇರುವ ವಿಳಾಸವನ್ನು ಮಾತ್ರ. ಜನ `www` ಇಲ್ಲದೆ ಟೈಪ್ ಮಾಡುತ್ತಾರೆ, ಆಗ ಏನೂ ತೆರೆಯುವುದಿಲ್ಲ. ಡೊಮೇನ್ ಮಾರಿದವರ ಪುಟದಲ್ಲೇ ಫಾರ್ವರ್ಡಿಂಗ್ ಎಂಬ ವ್ಯವಸ್ಥೆ ಇರುತ್ತದೆ, ಬರಿಯ ವಿಳಾಸಕ್ಕೆ ಬಂದವರನ್ನು `www` ಇರುವ ಕಡೆಗೆ ಕಳಿಸುವಂತೆ ಅಲ್ಲಿ ಬರೆಯಬೇಕು. ಪರೀಕ್ಷೆಯನ್ನು ನಮ್ಮ ಕಂಪ್ಯೂಟರಿನಲ್ಲಿ ಮಾಡಿದರೆ ಸಾಲದು. ಬೇರೆಯವರ ಫೋನಿನಲ್ಲಿ, ಮೊಬೈಲ್ ಡೇಟಾದಲ್ಲಿ, ಎರಡೂ ರೀತಿ ಟೈಪ್ ಮಾಡಿ ನೋಡಬೇಕು. ವಾಟ್ಸ್‌ಆ್ಯಪ್ ಬಟನ್ನಿಗೂ ಅಷ್ಟೇ. ಅದರ ಕೊಂಡಿ `https://wa.me/91XXXXXXXXXX` ಎಂದಿರಬೇಕು, ನಂಬರಿನ ಮುಂದೆ ಪ್ಲಸ್ ಚಿಹ್ನೆಯಾಗಲಿ ಸೊನ್ನೆಯಾಗಲಿ ಇರಬಾರದು.

ಕ್ಯಾಲೆಂಡರಿನದು ಇನ್ನೂ ಸೂಕ್ಷ್ಮ. ಮಾಲೀಕರ ಸ್ವಂತ ಕ್ಯಾಲೆಂಡರ್ ಬೇಡವೆಂದು ‘ಮಂಟಪ ಬುಕಿಂಗ್’ ಎಂಬ ಬೇರೆಯದನ್ನೇ ಕಂಪ್ಯೂಟರಿನಲ್ಲಿ ತೆರೆದೆ. ಅದನ್ನು ಎಲ್ಲರಿಗೂ ಕಾಣುವಂತೆ ಮಾಡುವಾಗ `See only free/busy (hide details)` ಎಂಬುದನ್ನು ಆರಿಸದಿದ್ದರೆ, ಮಾಲೀಕರು ಬರೆದುಕೊಂಡ ಕುಟುಂಬದ ಹೆಸರು, ಫೋನ್ ನಂಬರ್, ಕೊಟ್ಟ ಮುಂಗಡ ಎಲ್ಲವೂ ಊರಿಗೇ ಕಾಣುತ್ತದೆ. ಹೆಣ್ಣಿನ ಮನೆಯವರ ನಂಬರು ಹೀಗೆ ಹೊರಬಿದ್ದರೆ ಆಗುವ ತೊಂದರೆ ಚಿಕ್ಕದಲ್ಲ. ಇನ್ನೊಂದು ವಿಷಯ, ನಮ್ಮ ಕಡೆ ಮದುವೆ ಒಂದು ದಿನದ್ದಲ್ಲ. ಹಿಂದಿನ ದಿನ ಮಧ್ಯಾಹ್ನ ಮಂಟಪ ಬಿಟ್ಟುಕೊಡಬೇಕು, ಸಂಜೆ ಆರತಕ್ಷತೆ, ಮರುದಿನ ಮುಹೂರ್ತ, ಊಟ, ಸಂಜೆಗೆ ಖಾಲಿ. ಆದ್ದರಿಂದ ಪ್ರತಿ ಬುಕಿಂಗನ್ನೂ ಹಿಂದಿನ ದಿನ ಮಧ್ಯಾಹ್ನ ಮೂರರಿಂದ ಮರುದಿನ ನಾಲ್ಕರವರೆಗೆ, ಹೊತ್ತು ಹಾಕಿಯೇ ಬರೆಯಬೇಕೆಂದು ಹೇಳಿಕೊಟ್ಟೆ. ಇದರ ಇನ್ನೊಂದು ಕಾರಣ ಆಮೇಲೆ ಬರುತ್ತದೆ.

ಈಗ ಬೆಲೆ. ನಾನು ಗಂಟೆ ಲೆಕ್ಕ ಇಟ್ಟುಕೊಂಡೇ ದರ ಹೇಳುತ್ತೇನೆ, ಪುಟದ ಲೆಕ್ಕದಲ್ಲಿ ಅಲ್ಲ. ಈ ಸೈಟಿನಲ್ಲಿ ಇದ್ದದ್ದು ನಾಲ್ಕೇ ಪುಟ, ಆದರೆ ಪುಟ ಕಟ್ಟುವುದಕ್ಕೆ ಹಿಡಿದದ್ದು ಐದು ಗಂಟೆ ಮಾತ್ರ. ಭೇಟಿ ಮತ್ತು ಫೋಟೋಕ್ಕೆ ಐದು, ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಬರಹ ಸಿದ್ಧ ಮಾಡಲು ಆರು, ಡೊಮೇನ್, ಕ್ಯಾಲೆಂಡರ್, ಮ್ಯಾಪಿನ ಕೆಲಸಕ್ಕೆ ಮೂರು, ಮನೆಯವರಿಗೆ ಹೇಳಿಕೊಡಲು ಒಂದು. ಒಟ್ಟು ಇಪ್ಪತ್ತು ಗಂಟೆ. ಗಂಟೆಗೆ 400 ರೂಪಾಯಿಯಂತೆ 8,000. ಡೊಮೇನಿನ ಹಣ ಇದರಲ್ಲಿ ಸೇರಿಲ್ಲ, ಅದನ್ನು ಅವರೇ ನೇರವಾಗಿ ಕಟ್ಟಿದರು. ಅರ್ಧ ಮುಂಗಡ, ಉಳಿದರ್ಧ ಸ್ವಂತ ವಿಳಾಸದಲ್ಲಿ ಸೈಟ್ ತೆರೆದ ದಿನ. ತಿದ್ದುಪಡಿ ಎರಡು ಸುತ್ತು. ಈ ಎರಡು ಸುತ್ತಿನ ಮಾತನ್ನು ಬರೆದು ಕೊಡದೆ ಹೋದರೆ ಕೆಲಸ ಮುಗಿಯುವುದೇ ಇಲ್ಲ.

ಮೊದಮೊದಲು ನಾನು ಹೀಗೆ ಮಾಡುತ್ತಿರಲಿಲ್ಲ. ಎಲ್ಲ ಸೇರಿ 3,000 ರೂಪಾಯಿ, ಜೀವನಪೂರ್ತಿ ನಿರ್ವಹಣೆ ಉಚಿತ ಎಂದು ಹೇಳಿ ಕೆಲಸ ಹಿಡಿಯುತ್ತಿದ್ದೆ. ಎರಡನೇ ವರ್ಷ ಡೊಮೇನಿನ ನವೀಕರಣಗಳು ಒಂದರ ಹಿಂದೊಂದು ಬಂದಾಗ ಕೈಯಿಂದ ಕಟ್ಟಿದೆ. ಮೂರನೇ ವರ್ಷ ಕಟ್ಟಲಾಗದೆ ಎರಡು ಸೈಟ್ ಬಿಟ್ಟುಬಿಟ್ಟೆ. ಆ ಇಬ್ಬರು ಅಂಗಡಿಯವರಿಗೆ ನಾನು ಮಾಡಿದ್ದು ತಪ್ಪು. ಉಚಿತ ಎಂದು ಹೇಳಿದ್ದರಿಂದಲೇ ಅವರಿಗೆ ಅದು ನಿಂತುಹೋಗಬಹುದೆಂಬ ಎಚ್ಚರವೂ ಇರಲಿಲ್ಲ.

ಮಂಟಪದ ವಾರ್ಷಿಕ ಒಪ್ಪಂದದಲ್ಲಿ ನಾನು ಮೂರು ಕೆಲಸ ಬರೆದೆ. ತಿಂಗಳಿಗೊಮ್ಮೆ ಕಾಲು ಗಂಟೆ ತಪಾಸಣೆ: ಎರಡೂ ವಿಳಾಸ ತೆರೆಯುತ್ತವೆಯೇ, ವಾಟ್ಸ್‌ಆ್ಯಪ್ ಬಟನ್ ಸರಿಯಾದ ನಂಬರಿಗೆ ಹೋಗುತ್ತದೆಯೇ, ಮ್ಯಾಪಿನ ಗುರುತು ಮುಂದಿನ ಗೇಟಿನಲ್ಲೇ ಇದೆಯೇ, ಕ್ಯಾಲೆಂಡರ್ ಮಾಲೀಕರ ಪುಸ್ತಕಕ್ಕೆ ತಾಳೆಯಾಗುತ್ತದೆಯೇ. ವರ್ಷಕ್ಕೆ ಇದು ಮೂರು ಗಂಟೆ. ಎರಡನೆಯದು, ಅರ್ಧರ್ಧ ಗಂಟೆಯ ಆರು ಸಣ್ಣ ಬದಲಾವಣೆ, ಅದೊಂದು ಮೂರು ಗಂಟೆ. ಮೂರನೆಯದು ಎರಡು ಗಂಟೆಯ ಒಂದು ಭೇಟಿ. ಅದನ್ನು ಆಷಾಢಕ್ಕೆ ಇಟ್ಟೆವು. ಆಗ ಮದುವೆಗಳಿಲ್ಲ, ಮಂಟಪಕ್ಕೆ ಸುಣ್ಣಬಣ್ಣ ಆಗುವುದೂ ಆಗಲೇ, ಹೊಸ ಬಾಡಿಗೆ ನಿಗದಿಯಾಗುವುದೂ ಆಗಲೇ. ಒಟ್ಟು ಎಂಟು ಗಂಟೆ, 3,200 ರೂಪಾಯಿ. ಡೊಮೇನ್ ಸೇರಿದರೆ ಮಾಲೀಕರ ಕೈಬಿಡುವುದು ವರ್ಷಕ್ಕೆ ಸುಮಾರು 4,100. ಹಣ ಕೊಡುವ ಬಿಲ್ಡರಿನಲ್ಲಿ ಕಟ್ಟಿದ್ದರೆ ಅದರ ಚಂದಾ ಇದರ ಮೇಲೆ ಬರುತ್ತಿತ್ತು. ಹೊಸ ಪುಟ, ಫೇಸ್‌ಬುಕ್ಕಿನ ಕೆಲಸ, ಹಣ ಪಡೆಯುವ ವ್ಯವಸ್ಥೆ ಇದರಲ್ಲಿ ಸೇರಿಲ್ಲ ಎಂದೂ ಬರೆದೆ. ಒಪ್ಪಂದ ಬೇಡವೆಂದರೆ ಒಂದು ಬದಲಾವಣೆಗೆ 300 ರೂಪಾಯಿ, ಆದರೆ ಆಗ ತಿಂಗಳ ತಪಾಸಣೆ ಅವರದೇ ಹೊಣೆ. ಮಗನೋ ಮಗಳೋ ಫೋನಿನಲ್ಲಿ ಚುರುಕಾಗಿರುವ ಮನೆಗಳಿಗೆ ನಾನು ಎರಡನೆಯದನ್ನೇ ಹೇಳುತ್ತೇನೆ.

ಒಪ್ಪಂದ ಇರಲಿ ಬಿಡಲಿ, ಒಂದು ಹಾಳೆಯನ್ನು ಎಲ್ಲರಿಗೂ ಕೊಡುತ್ತೇನೆ. ಡೊಮೇನ್ ಯಾರಲ್ಲಿ ಕೊಂಡದ್ದು, ಯಾವ ಇಮೇಲ್, ಅವಧಿ ಮುಗಿಯುವ ದಿನ, ಫೋಟೋ ಮತ್ತು ಬರಹದ ಪ್ರತಿ ಎಲ್ಲಿದೆ. ಪಾಸ್‌ವರ್ಡ್ ಅದರಲ್ಲಿ ಬರೆಯುವುದಿಲ್ಲ. ಅವಧಿ ಮುಗಿಯುವ ದಿನವನ್ನು ಯಾರನ್ನೂ ಕೇಳಬೇಕಾಗಿಲ್ಲ, `.in` ವಿಳಾಸವಾದರೆ `registry.in` ಪುಟದಲ್ಲಿ ಹುಡುಕಿದರೆ ಕಾಣುತ್ತದೆ. ತಾನಾಗಿಯೇ ಹಣ ಕಡಿತವಾಗುತ್ತದೆ ಎಂದು ನಂಬಿ ಕೂರಬಾರದು. 2021ರ ಅಕ್ಟೋಬರಿನಿಂದ ರಿಸರ್ವ್ ಬ್ಯಾಂಕ್ ನಿಯಮದಂತೆ ಕಾರ್ಡಿನಿಂದ ಮತ್ತೆ ಮತ್ತೆ ಕಡಿತವಾಗುವ ಹಣಕ್ಕೆ ನಾವು ಮೊದಲೇ ಒಪ್ಪಿಗೆ ದಾಖಲಿಸಿರಬೇಕು. ಅದು ಇಲ್ಲದಿದ್ದರೆ ಕಡಿತ ಆಗುವುದಿಲ್ಲ, ಅದರ ಎಚ್ಚರಿಕೆ ಬರುವುದು ಯಾರೂ ತೆರೆಯದ ಇಮೇಲಿಗೆ. ಅವಧಿ ಮುಗಿದ ಮೇಲೂ ಕೆಲವು ದಿನ ಮಾಮೂಲಿ ದರದಲ್ಲಿ, ಆಮೇಲೆ ಕೆಲವು ದಿನ ದೊಡ್ಡ ದಂಡ ಕಟ್ಟಿ ಡೊಮೇನ್ ಉಳಿಸಿಕೊಳ್ಳಬಹುದು. ಅದೂ ದಾಟಿದರೆ ಯಾರು ಬೇಕಾದರೂ ಕೊಳ್ಳಬಹುದು. ಈ ಮಂಟಪದ ಹಳೆಯ ವಿಳಾಸ ಹೋದದ್ದು ಹಾಗೆ.

ಮೊದಲ ಆಷಾಢದ ಭೇಟಿಗೆ ಹೋದಾಗ ಮಾಲೀಕರು ಸ್ವಲ್ಪ ಬೇಸರದಲ್ಲಿದ್ದರು. ಶ್ರಾವಣದ ಎರಡು ದಿನ ಆಗಲೇ ಬುಕ್ ಆಗಿದ್ದವು, ಆದರೆ ಸೈಟಿನಲ್ಲಿ ಖಾಲಿ ಎಂದು ಕಾಣುತ್ತಿತ್ತು. ಅದನ್ನು ನಂಬಿ ಚಿಕ್ಕನಾಯಕನಹಳ್ಳಿಯಿಂದ ಒಂದು ಕುಟುಂಬ ಮುಂಗಡ ಹಿಡಿದುಕೊಂಡೇ ಬಂದಿತ್ತು. ಕ್ಯಾಲೆಂಡರ್ ತೆರೆದು ನೋಡಿದೆ. ಎರಡೂ ಬುಕಿಂಗ್ ಇದ್ದವು. ಆದರೆ ಅವನ್ನು ಬರೆದದ್ದು ಮಗ, ಹೊತ್ತು ಹಾಕದೆ ಇಡೀ ದಿನದ ಕಾರ್ಯಕ್ರಮ ಎಂದು ಗುರುತು ಮಾಡಿದ್ದ. ಗೂಗಲ್ ಕ್ಯಾಲೆಂಡರ್ ಇಡೀ ದಿನದ ಕಾರ್ಯಕ್ರಮವನ್ನು ತಾನಾಗಿಯೇ `Free` ಎಂದು ಇಟ್ಟುಕೊಳ್ಳುತ್ತದೆ, ಹುಟ್ಟುಹಬ್ಬ, ರಜೆಗಳನ್ನು ಬರೆಯುವವರಿಗೆ ಅದೇ ಅನುಕೂಲ. ಬಿಡುವು ಇದೆಯೇ ಇಲ್ಲವೇ ಎಂಬುದನ್ನಷ್ಟೇ ತೋರಿಸುವ ನಮ್ಮ ಪುಟದಲ್ಲಿ `Free` ಎಂದಿರುವುದು ಕಾಣುವುದೇ ಇಲ್ಲ. ಹೊತ್ತು ಹಾಕಿ ಬರೆದರೆ ಅದು `Busy` ಆಗುತ್ತದೆ. ನಾನು ಹೇಳಿಕೊಟ್ಟಿದ್ದು ಅಪ್ಪನಿಗೆ, ಬರೆಯುತ್ತಿದ್ದದ್ದು ಮಗ. ಹಿಂದಿನ ತಿಂಗಳ ತಪಾಸಣೆಯಲ್ಲಿ ನಾನು ಪುಸ್ತಕ ತಾಳೆ ನೋಡಿದ ಮೇಲೆ ಬಂದ ಬುಕಿಂಗ್‌ಗಳು ಅವು. ಹಾಗಾಗಿ ತಪಾಸಣೆಯ ಪಟ್ಟಿಗೆ ಒಂದು ಸಾಲು ಸೇರಿತು: ಹೊಸ ಬುಕಿಂಗ್ ಬರೆದ ಕೂಡಲೇ ಮನೆಯವರೇ ಇನ್ನೊಂದು ಫೋನಿನಲ್ಲಿ ಸೈಟ್ ತೆರೆದು ನೋಡಬೇಕು.

ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಎರಡನ್ನೂ ಸರಿಪಡಿಸಿದೆವು. ಹೊಸ ಬಾಡಿಗೆ, ಅದರ ಕೆಳಗಿನ ತಿಂಗಳು ಬದಲಾಯಿತು. ಊಟದ ಹಾಲಿಗೆ ಹೊಸದಾಗಿ ಹಾಕಿಸಿದ್ದ ಕೈತೊಳೆಯುವ ಸಾಲಿನ ಫೋಟೋ ಸೇರಿಸಿದೆವು. ಡೊಮೇನನ್ನು ಒಟ್ಟಿಗೇ ಮೂರು ವರ್ಷಕ್ಕೆ ನವೀಕರಿಸಲು ಮಾಲೀಕರು ಒಪ್ಪಿದರು, ಹಣ ಅವರ ಫೋನಿನಿಂದಲೇ ಹೋಯಿತು. ರಸೀದಿ ಬಂದ ಮೇಲೆ ಅವರ ಮನೆಯವರು ಆಫೀಸಿನ ಗೋಡೆಯ ಮೇಲೆ, ಪಂಚಾಂಗದ ಕ್ಯಾಲೆಂಡರಿನ ಪಕ್ಕದಲ್ಲಿ ಒಂದು ಚೀಟಿ ಅಂಟಿಸಿ ಮುಂದಿನ ನವೀಕರಣದ ದಿನ ಬರೆದರು. ಹಳೆಯ ಕಾರ್ಡುಗಳ ಕಟ್ಟನ್ನು ಮಗ ತಂದು ನನ್ನ ಮುಂದಿಟ್ಟ. ಅವುಗಳ ಹಳೆಯ ವಿಳಾಸದ ಮೇಲೆ ಅಂಟಿಸಲು ಹೊಸ ವಿಳಾಸದ ಸಣ್ಣ ಸ್ಟಿಕ್ಕರ್ ಮಾಡಿಸಲು ಎಷ್ಟಾಗುತ್ತದೆ ಎಂದು ಕೇಳಿದ.